ಜೂನ್ 1ಕ್ಕೆ ಇಳಿಯುವ ಗೆರೆ: ಹಡಗಿಗೆ ಎಷ್ಟು ಅದಿರು ತುಂಬಬಹುದು?

ಮರ್ಮಗೋವಾ ಬಂದರಿಗೆ ಕೆಲಸಕ್ಕೆ ಹೋಗುವ ವಾಸ್ಕೋದ ಕನ್ನಡದವರು ಈ ಗುರುತನ್ನು ದಿನಾ ನೋಡುತ್ತಾರೆ. ಹಡಗಿನ ಎರಡೂ ಪಕ್ಕ, ನಟ್ಟನಡುವೆ ಒಂದು ಬಳೆ, ಅದರ ಮಧ್ಯೆ ಅಡ್ಡಗೆರೆ. ಬಳೆಯಿಂದ ಅರ್ಧ ಮೀಟರಿನಷ್ಟು ಮುಂದೆ ಒಂದರ ಮೇಲೊಂದು ಸಣ್ಣ ಗೆರೆಗಳು. ಇವೇ ಲೋಡ್ ಲೈನ್. ಹಡಗು ಸಮುದ್ರದಲ್ಲಿರುವಾಗ ಆ ಜಾಗಕ್ಕೆ, ಆ ದಿನಕ್ಕೆ ಸೇರಿದ ಗೆರೆ ಮುಳುಗಬಾರದು.

ನಮಗೆ ಮುಖ್ಯವಾದವು ನಾಲ್ಕು. ‘ಎಸ್’ ಸಮ್ಮರ್ ಗೆರೆ, ಬಳೆಯ ಅಡ್ಡಗೆರೆಯ ಮಟ್ಟದಲ್ಲೇ ಇರುತ್ತದೆ. ಅದರ ಮೇಲೆ ‘ಟಿ’, ಅಂದರೆ ಟ್ರಾಪಿಕಲ್. ‘ಎಫ್’ ಮತ್ತು ‘ಟಿಎಫ್’ ಸಿಹಿನೀರಿನವು, ಬಳೆಯ ಕಡೆಗೆ ಚಾಚಿರುತ್ತವೆ. ಲೆಕ್ಕಕ್ಕೆ ಒಂದು ಹಡಗು ಇಟ್ಟುಕೊಳ್ಳೋಣ. ಎಸ್ ಗೆರೆಯವರೆಗೆ ತುಂಬಿದರೆ 12 ಮೀಟರ್ ಮುಳುಗುತ್ತದೆ, ಆಗ ಒಟ್ಟು ತೂಕ 64,800 ಟನ್. ಒಂದು ಸೆಂಟಿಮೀಟರ್ ಮುಳುಗಿಸಲು 60 ಟನ್ ಬೇಕು.

ಮೊದಲು ಕ್ಯಾಲೆಂಡರ್, ಆಮೇಲೆ ನಕಾಶೆ

1966ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅರಬ್ಬಿ ಸಮುದ್ರ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಟ್ರಾಪಿಕಲ್. ಜೂನ್ 1ರಿಂದ ಆಗಸ್ಟ್ 31ರವರೆಗೆ ಸಮ್ಮರ್. ನಮ್ಮ ಸುಡುಬಿಸಿಲಿನ ಏಪ್ರಿಲ್‌ಗೆ ಟಿ, ಸುರಿಯುವ ಮಳೆಗಾಲಕ್ಕೆ ಎಸ್! ಇಲ್ಲಿ ನೋಡುವುದು ಸೆಕೆಯನ್ನಲ್ಲ, ಬಿರುಗಾಳಿ ಎಷ್ಟು ಸಲ ಬೀಸುತ್ತದೆ ಅನ್ನುವುದನ್ನು. ಮುಂಗಾರಿನಲ್ಲಿ ಕಡಲು ಕೆರಳುತ್ತದೆ, ಆದ್ದರಿಂದ ಹಡಗಿನ ಮೈ ಹೆಚ್ಚು ಎತ್ತರ ನೀರಿನ ಮೇಲಿರಬೇಕು.

ಟಿ ಮತ್ತು ಎಸ್ ನಡುವಿನ ಅಂತರ ಸಮ್ಮರ್ ಆಳದ 48ನೇ ಒಂದು ಪಾಲು. ನಮ್ಮ ಹಡಗಿಗೆ ಅದು 25 ಸೆಂಟಿಮೀಟರ್, ತೂಕದಲ್ಲಿ 1,500 ಟನ್.

ಈಗ ದಾರಿ ನೋಡಿ. ಅರಬ್ಬಿ ಸಮುದ್ರದ ಈ ವಲಯ 8 ಡಿಗ್ರಿ ಉತ್ತರ ಅಕ್ಷಾಂಶಕ್ಕೆ, ಹೆಚ್ಚುಕಡಿಮೆ ಕನ್ಯಾಕುಮಾರಿಯ ಮಟ್ಟಕ್ಕೆ ಮುಗಿಯುತ್ತದೆ. ಅದರ ದಕ್ಷಿಣಕ್ಕೆ ವರ್ಷವಿಡೀ ಟ್ರಾಪಿಕಲ್. 12 ನಾಟ್ ವೇಗದಲ್ಲಿ ಗೋವಾದಿಂದ ಅಲ್ಲಿಗೆ ಸುಮಾರು ಎರಡು ದಿನ. ಇಂಡೊನೇಷ್ಯಾಕ್ಕೆ ಹೊರಟ ಹಡಗು ಮೇ 29ರ ಬೆಳಿಗ್ಗೆ ಬಿಟ್ಟರೆ ಟಿವರೆಗೆ ತುಂಬಬಹುದು. ಮೇ 31ರ ಸಂಜೆ ಬಿಟ್ಟರೆ ಆಗದು, ಮಧ್ಯರಾತ್ರಿಗೆ ಅದು ಸಮ್ಮರ್ ವಲಯದಲ್ಲೇ ಇರುತ್ತದೆ. ದಾರಿಯಲ್ಲಿ ಇಂಧನ ಖರ್ಚಾಗಿ ಹಡಗು ಏಳುತ್ತದಲ್ವಾ ಅಂತ ಕೇಳಬಹುದು. ದಿನಕ್ಕೆ 25 ಟನ್ ಸುಟ್ಟರೂ ಅರ್ಧ ಸೆಂಟಿಮೀಟರ್ ಏಳುವುದಿಲ್ಲ.

ಚೀನಾಕ್ಕೆ ಹೋಗುವುದಾದರೆ ಇನ್ನೂ ಬಿಗಿ. ದಕ್ಷಿಣ ಚೀನಾ ಸಮುದ್ರ ಮೇ 1ಕ್ಕೇ ಸಮ್ಮರ್ ಆಗುತ್ತದೆ. ಗೋವಾದಲ್ಲಿ ಟಿ ನಡೆಯುತ್ತಿದ್ದರೂ ಅಲ್ಲಿ ತಲುಪುವ ಹೊತ್ತಿಗೆ ಎಸ್ ಗೆರೆ ನೀರಿನ ಮೇಲೆ ಕಾಣಬೇಕು. ದಾರಿಯಲ್ಲಿ ಬರುವ ಅತಿ ಕಟ್ಟುನಿಟ್ಟಿನ ವಲಯವನ್ನು ನೋಡಿಕೊಂಡೇ ಇಲ್ಲಿ ತುಂಬಬೇಕು.

ನೀರಿನ ಸಾಂದ್ರತೆ

ಸಮುದ್ರದ ನೀರು ಒಂದು ಘನ ಮೀಟರಿಗೆ 1,025 ಕೆ.ಜಿ. ಅಂತ ಲೆಕ್ಕ. ಸಿಹಿನೀರು 1,000. ಮರ್ಮಗೋವಾ ಇರುವುದು ಜುವಾರಿ ನದಿಯ ಬಾಯಲ್ಲಿ. ನದಿ ನೀರು ಬೆರೆತರೆ ಸಾಂದ್ರತೆ ಇಳಿಯುತ್ತದೆ, ಅಷ್ಟೇ ತೂಕಕ್ಕೆ ಹಡಗು ಜಾಸ್ತಿ ಮುಳುಗುತ್ತದೆ. ಹೊರಗೆ ಉಪ್ಪುನೀರಿಗೆ ಹೋದಾಗ ಮತ್ತೆ ಏಳುತ್ತದೆ. ಹಾಗಾಗಿ ಬಂದರಿನಲ್ಲಿ ಗೆರೆ ಸ್ವಲ್ಪ ಮುಳುಗಲು ಅವಕಾಶವಿದೆ.

ಎಷ್ಟು? ತೂಕವನ್ನು, ಒಂದು ಸೆಂಟಿಮೀಟರಿನ ಟನ್ನುಗಳ ನಾಲ್ಕರಷ್ಟರಿಂದ ಭಾಗಿಸಿ. 64,800 ಭಾಗಿಸು 240, ಅಂದರೆ 270 ಮಿಲಿಮೀಟರ್. ಇದು ಪೂರಾ ಸಿಹಿನೀರಿಗೆ. ಹೈಡ್ರೋಮೀಟರ್ 1,015 ತೋರಿಸಿದರೆ ವ್ಯತ್ಯಾಸ 10. 25ರಲ್ಲಿ 10 ಪಾಲು ತೆಗೆದುಕೊಂಡರೆ 108 ಮಿಲಿಮೀಟರ್. ಅಂದರೆ ಮೇ 31ರ ಹಡಗು ಇಲ್ಲಿ 12.108 ಮೀಟರ್ ಮುಳುಗಬಹುದು. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸುಮಾರು 640 ಟನ್ ಅದಿರು ಸುಮ್ನೆ ದಂಡೆಯಲ್ಲೇ ಉಳಿಯುತ್ತದೆ.

ಎಡವಟ್ಟಾಗುವುದು ನೀರು ಎತ್ತುವಾಗ. ಮೇಲಿನ ನೀರನ್ನಷ್ಟೇ ಬಕೆಟ್ಟಿನಲ್ಲಿ ಎತ್ತಿದರೆ ಹಗುರವಾದ ಸಿಹಿನೀರೇ ಜಾಸ್ತಿ ಬರುತ್ತದೆ. ಅಳತೆ 1,015ರ ಬದಲು 1,010 ಅಂತ ಬಂದರೆ ಅವಕಾಶ 162 ಮಿಲಿಮೀಟರಿಗೆ ಏರುತ್ತದೆ, ಹೊರಗೆ ಹೋದಾಗ ಎಸ್ ಗೆರೆ 54 ಮಿಲಿಮೀಟರ್ ಮುಳುಗಿಯೇ ಇರುತ್ತದೆ. ಆದ್ದರಿಂದ ಮುಂದೆ, ನಡುವೆ, ಹಿಂದೆ, ಬೇರೆ ಬೇರೆ ಆಳದಿಂದ ನೀರು ಎತ್ತಬೇಕು. ಎಂಜಿನ್ನಿನ ನೀರು ಹೊರಬೀಳುವ ಜಾಗ ಬೇಡ. ಬೆಳಿಗ್ಗೆ ಉಬ್ಬರದಲ್ಲಿ ಅಳೆದದ್ದು ಸಂಜೆ ಇಳಿತಕ್ಕೆ ನಡೆಯದು, ಲೋಡಿಂಗ್ ಮುಗಿಯುವ ಹೊತ್ತಿಗೆ ಮತ್ತೆ ಅಳೆಯಲೇಬೇಕು.

ಕೊನೆಯ ಕೆಲವು ನೂರು ಟನ್

ಇಲ್ಲಿ ಲೋಡಿಂಗ್ ನಿಲ್ಲಿಸಿ, ದೋಣಿಯಲ್ಲಿ ಕಡಲಿನ ಕಡೆಗೂ ಹೋಗಿ ನಡುವಿನ ಗುರುತು ಓದಬೇಕು. ಮುಂದಿನ ಮತ್ತು ಹಿಂದಿನ ಅಂಕಿಗಳ ಸರಾಸರಿಯನ್ನಷ್ಟೇ ನಂಬಬೇಡಿ. ನಡುವಿನ ಹೋಲ್ಡುಗಳಲ್ಲಿ ಭಾರ ಜಾಸ್ತಿಯಾದರೆ ಹಡಗು ನಡುವೆ ಜಗ್ಗುತ್ತದೆ. ಸರಾಸರಿ 12.10 ಇದ್ದು, ಬಳೆಯ ಬಳಿ 12.15 ಇರಬಹುದು. ಆಗ ಲೆಕ್ಕಕ್ಕೆ ಬರುವುದು ಬಳೆಯ ಬಳಿಯ 12.15. ಉಳಿದ ಅದಿರು ದಂಡೆಯಲ್ಲೇ ಇರಲಿ, ಹಡಗಿಗೆ ಆಗಲೇ ಜಾಸ್ತಿಯಾಗಿದೆ.