ಹೆಸರೇ ಹೂವಿನದಾದಾಗ: ಬ್ರ್ಯಾಂಡ್ ಬಗ್ಗೆ ಜನರ ಮಾತು ಹುಡುಕುವ ಬಗೆ

ಕಾಫಿಪುಡಿಯ ಬ್ರ್ಯಾಂಡಿಗೆ 'ಮಲ್ಲಿಗೆ' ಎಂದು ಹೆಸರಿದೆ ಎಂದುಕೊಳ್ಳಿ. ಅದನ್ನೇ ಎಕ್ಸ್‌ನಲ್ಲಿ ಹುಡುಕಿದರೆ ಹೂವು, ಹಾಡು, ಮದುವೆಯ ಫೋಟೋಗಳೇ ಬರುತ್ತವೆ. ಹಾಗಾಗಿ ನಾನು ಮೊದಲು ಬರೆಯುವುದು ಹೆಸರಿನ ಪಟ್ಟಿ. ಜನ ಇಂಗ್ಲಿಷ್ ಅಕ್ಷರದಲ್ಲಿ ಹೇಗೆಲ್ಲ ಟೈಪ್ ಮಾಡುತ್ತಾರೆ, ಕನ್ನಡದಲ್ಲಿ ಯಾವ ವಿಭಕ್ತಿ ಹಚ್ಚುತ್ತಾರೆ ಎಂದು ನೋಡಬೇಕು. 'ಮಲ್ಲಿಗೆ' ಎಂದು ಹುಡುಕಿದರೆ 'ಮಲ್ಲಿಗೆಯ' ಸಿಗುತ್ತದೆಂಬ ಭರವಸೆ ಇಲ್ಲ. ಎರಡನ್ನೂ ಬರೆದೇ ತೀರಬೇಕು.

```
(mallige OR malige OR ಮಲ್ಲಿಗೆ OR ಮಲ್ಲಿಗೆಯ) (coffee OR kaapi OR ಕಾಫಿ OR ಕಾಫಿಪುಡಿ) -"mysore mallige" since:2025-01-01
```

ಇಲ್ಲಿ ಎಡವುವುದು ಕಳೆಯುವ ಚಿಹ್ನೆಯಲ್ಲಿ. ಹೂವಿನ ಗದ್ದಲ ತಪ್ಪಿಸಲು `-mysore` ಎಂದಷ್ಟೇ ಹಾಕಿದರೆ ಮೈಸೂರಿನ ಗ್ರಾಹಕರ ದೂರೂ ಮಾಯ. ಒಂಟಿ ಪದ ಬೇಡ, ಉದ್ಧರಣ ಚಿಹ್ನೆಯೊಳಗೆ ಇಡೀ ಪದಗುಚ್ಛ ಹಾಕಿ. ಕನ್ನಡದ ಪೋಸ್ಟುಗಳನ್ನಷ್ಟೇ ತೋರಿಸುವ `lang:kn` ಕೂಡ ಸೇರಿಸಬೇಡಿ; 'kaapi chennagide' ಎಂದು ಬರೆದದ್ದನ್ನು ಎಕ್ಸ್ ಸಾಮಾನ್ಯವಾಗಿ ಕನ್ನಡವೆಂದು ಗುರುತಿಸುವುದಿಲ್ಲ.

ಬಂದದ್ದರಲ್ಲಿ ಮೊದಲ 50 ಪೋಸ್ಟುಗಳನ್ನು ಕಣ್ಣಾರೆ ಓದುತ್ತೇನೆ. ನಮ್ಮ ಪುಡಿಯ ಮಾತು 40ಕ್ಕಿಂತ ಕಡಿಮೆ ಇದ್ದರೆ ಹುಡುಕಾಟವನ್ನು ತಿದ್ದುತ್ತೇನೆ. ಮೆಚ್ಚುಗೆಯೋ ಬೈಗುಳವೋ ಎಂಬುದನ್ನೂ ಕೈಯಲ್ಲೇ ಗುರುತಿಸುವುದು ಲೇಸು. 'ಸೂಪರ್ ಪುಡಿ, ಪರಿಮಳ ಒಂದು ಬಿಟ್ಟು ಎಲ್ಲಾ ಇದೆ' ಎಂಬುದು 'ಸೂಪರ್' ಇದೆಯೆಂಬ ಕಾರಣಕ್ಕೆ ಸಾಫ್ಟ್‌ವೇರಿನಲ್ಲಿ ಮೆಚ್ಚುಗೆಯಾಗಿಬಿಡಬಹುದು. ಮಾತು ದಿಢೀರನೆ ಹೆಚ್ಚಿದ ದಿನ ಬಹುಮಾನದ ಸ್ಪರ್ಧೆ ಇತ್ತೇ ಎಂದು ನೋಡಿ. ಆ ಪೋಸ್ಟುಗಳನ್ನು ಬೇರೆ ಎಣಿಸಿ.

ಎದುರಾಳಿಯ ವಿಷಯಕ್ಕೆ ಮೆಟಾದ ಆ್ಯಡ್ ಲೈಬ್ರರಿ ಸಾಕಷ್ಟು ಹೇಳುತ್ತದೆ. `facebook.com/ads/library` ತೆರೆದು, ದೇಶ ಭಾರತ, ಎಲ್ಲ ಜಾಹೀರಾತು ಎಂದು ಆರಿಸಿ, ಅವರ ಪೇಜಿನ ಹೆಸರು ಕೊಟ್ಟರೆ ಈಗ ಓಡುತ್ತಿರುವ ಜಾಹೀರಾತುಗಳು ಶುರುವಾದ ದಿನಾಂಕದೊಂದಿಗೆ ಕಾಣುತ್ತವೆ. ಸರಕಿನ ಜಾಹೀರಾತಿಗೆ ಎಷ್ಟು ಖರ್ಚಾಯಿತೆಂಬುದು ಇಲ್ಲಿ ಇರುವುದಿಲ್ಲ. ನಿಂತುಹೋದವೂ ಉಳಿಯುವುದಿಲ್ಲ, ಆದ್ದರಿಂದ ಪ್ರತಿ ಸೋಮವಾರ ಸ್ಕ್ರೀನ್‌ಶಾಟ್ ತೆಗೆದಿಡಬೇಕು.

ಉದಾಹರಣೆಗೆ, ಎದುರಾಳಿಯ 'ಚಿಕೋರಿ ಇಲ್ಲ' ಎಂಬ ಜಾಹೀರಾತು ಎರಡು ತಿಂಗಳಿಂದ ಓಡುತ್ತಿದೆ. ಅದು ಫಲ ಕೊಡುತ್ತಿದೆಯೋ, ನಿಲ್ಲಿಸಲು ಮರೆತಿದ್ದಾರೋ? ಅದೇ ಮಾತಿನ ಹೊಸ ಹೊಸ ವಿಡಿಯೋಗಳು ಸೇರುತ್ತಿದ್ದರೆ ಯಾರೋ ಗಮನ ಕೊಡುತ್ತಿದ್ದಾರೆ ಎಂದರ್ಥ. ಆಮೇಲೆ ಆನ್‌ಲೈನ್ ಅಂಗಡಿಯಲ್ಲಿ ಅವರ ಎರಡು, ಮೂರು ನಕ್ಷತ್ರದ ವಿಮರ್ಶೆ ಓದುತ್ತೇನೆ. ಒಂದು ನಕ್ಷತ್ರದವು ಬಹುಪಾಲು ಕೊರಿಯರ್ ಮೇಲಿನ ಸಿಟ್ಟು. ನಡುವಿನವರು 'ಡಿಕಾಕ್ಷನ್ ತೆಳ್ಳಗೆ ಬರುತ್ತೆ' ಎಂದು ಬರೆದಿದ್ದರೆ ವಿಷಯ ಸಿಕ್ಕಿತು: ಚಿಕೋರಿ ಡಿಕಾಕ್ಷನ್ನಿಗೆ ಬಣ್ಣ, ಗಟ್ಟಿತನ ಕೊಡುತ್ತದೆ. ಅದನ್ನು ಬಿಟ್ಟ ಪುಡಿಗೆ ಎಷ್ಟು ಚಮಚ ಹಾಕಬೇಕೆಂದು ಅವರು ಪ್ಯಾಕಿನ ಮೇಲೆ ಹೇಳಿದ್ದಾರೆಯೇ ಎಂಬುದನ್ನು ಮುಂದೆ ನೋಡಬೇಕು.

ವಾಟ್ಸ್ಆ್ಯಪ್ ಗುಂಪಿನ ಮಾತು ಇದ್ಯಾವುದರಲ್ಲೂ ಸಿಗದು. ಅದಕ್ಕೆ ಅಂಗಡಿಯವರನ್ನೇ ಕೇಳಬೇಕು.