ಹಳೇ ಆರ್‌ಟಿಸಿ: ಸೀಲಿನ ಅಡಿ ಸಿಕ್ಕಿಬಿದ್ದ ಅಂಕಿ ಓದುವುದು ಹೇಗೆ?

ಮಂಗಳೂರು, ಉಡುಪಿ ಕಡೆಯ ಹಳೇ ಮನೆಗಳ ಪೆಟ್ಟಿಗೆಯಲ್ಲಿ ಒಂದಾದರೂ ಕೈಬರಹದ ಆರ್‌ಟಿಸಿ ನಕಲು ಇರುತ್ತದೆ. ‘ಭೂಮಿ’ ಕಂಪ್ಯೂಟರ್ ಬರುವ ಮೊದಲು ಗ್ರಾಮಕರಣಿಕರು ಕೈಯಲ್ಲೇ ಬರೆದು ಕೊಡುತ್ತಿದ್ದ ಹಾಳೆ ಅದು. ಮನೆಯಲ್ಲಿ ಪಾಲಿನ ಮಾತು ಬಂದಾಗ ಅದನ್ನು ಹೊರಗೆ ತೆಗೆಯುತ್ತೇವೆ. ನೋಡಿದರೆ ನಮಗೆ ಬೇಕಾದ ಅಂಕಿಯ ಮೇಲೆಯೇ ನೇರಳೆ ಬಣ್ಣದ ಸೀಲು ಕೂತಿರುತ್ತದೆ.

ನಮ್ಮ ಮನೆಯ ಹಾಳೆಯಲ್ಲೂ ಹೀಗೇ ಆಗಿತ್ತು. ಸರ್ವೆ ನಂಬರ್ 87/2ಬಿ. 3ನೇ ಕಾಲಂನಲ್ಲಿ ವಿಸ್ತೀರ್ಣ 0.82 ಎಂದಿದೆಯೋ 0.32 ಎಂದಿದೆಯೋ ಗೊತ್ತಾಗುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ ದಿಟ್ಟಿಸುವುದನ್ನು ಮೊದಲು ಬಿಡಿ. ಈ ಹಾಳೆಯಲ್ಲಿ ಒಂದು ಅಂಕಿಗೆ ಇನ್ನೊಂದು ಅಂಕಿ ಸಾಕ್ಷಿ ಹೇಳುತ್ತದೆ. ಆ ಸಾಕ್ಷಿಯನ್ನು ಕೇಳಬೇಕು.

ಶುರು ಮಾಡುವ ಮೊದಲು ಅಳತೆ ಯಾವುದು ಅಂತ ಖಚಿತ ಮಾಡಿಕೊಳ್ಳಿ. 1956ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಇಲ್ಲಿ ಎಕರೆ ಮತ್ತು ಸೆಂಟ್ಸ್ ಲೆಕ್ಕ, ಘಟ್ಟದ ಮೇಲೆ ಎಕರೆ ಮತ್ತು ಗುಂಟೆ. ಎಕರೆಗೆ 100 ಸೆಂಟ್ಸ್, ಆದರೆ ಗುಂಟೆ 40 ಮಾತ್ರ. ಇಲ್ಲಿನ 1.32 ಅಂದರೆ ಒಂದು ಎಕರೆ 32 ಸೆಂಟ್ಸ್. ಅದನ್ನೇ ಗುಂಟೆ ಅಂದುಕೊಂಡರೆ ಒಂದು ಎಕರೆ 80 ಸೆಂಟ್ಸ್ ಆಗಿಬಿಡುತ್ತದೆ. 48 ಸೆಂಟ್ಸ್ ವ್ಯತ್ಯಾಸ, ಸಣ್ಣದಲ್ಲ ಅಲ್ವಾ? ಬಿಂದುವಿನ ನಂತರದ ಅಂಕಿ 39ಕ್ಕಿಂತ ಜಾಸ್ತಿ ಇದ್ದರೆ ಅದು ಗುಂಟೆ ಆಗಿರಲು ಸಾಧ್ಯವಿಲ್ಲ.

ಈಗ ಮೊದಲ ಸಾಕ್ಷಿ. ಒಂದೊಂದು ಹಿಸ್ಸಾಗೂ ಬೇರೆ ಬೇರೆ ಆರ್‌ಟಿಸಿ ಹಾಳೆ ಇರುತ್ತದೆ. ಅಕ್ಕಪಕ್ಕದ ಹಿಸ್ಸಾಗಳದ್ದನ್ನೂ ತನ್ನಿ. ಅದರ ಜೊತೆಗೆ ಹಿಸ್ಸಾ ಆಗುವ ಮೊದಲಿನ ಹಾಳೆ ಅಥವಾ ವಿಭಾಗ ಪತ್ರವೂ ಬೇಕು. ನಮ್ಮಲ್ಲಿ ಹಳೇ 87/2 ಒಟ್ಟು 2.46 ಇತ್ತು. 2ಎ ಹಾಳೆಯಲ್ಲಿ 1.10, 2ಸಿ ಹಾಳೆಯಲ್ಲಿ 0.54. ಎರಡೂ ಸೇರಿ 1.64. ಕಳೆದರೆ ಉಳಿಯುವುದು 0.82. 0.32 ಅಂತ ಇಟ್ಟರೆ ಅರ್ಧ ಎಕರೆ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ.

ಕೂಡುವಾಗ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಕಳೆಯುವ ಮೊದಲಿನ ಒಟ್ಟು ವಿಸ್ತೀರ್ಣವನ್ನೇ ಹಿಡಿಯಿರಿ. 3ನೇ ಕಾಲಂನಲ್ಲಿ ಮೇಲೆ ಒಟ್ಟು, ನಡುವೆ ಖರಾಬು ‘ಅ’ ಮತ್ತು ‘ಬ’, ಕೆಳಗೆ ಉಳಿದದ್ದು ಇರುತ್ತದೆ. ತೋಡು, ದಾರಿ ಎಲ್ಲ ‘ಬ’ ಖರಾಬಿಗೆ ಬರುತ್ತದೆ. ಒಂದು ಹಾಳೆಯಲ್ಲಿ ಮೇಲಿನದ್ದು, ಇನ್ನೊಂದರಲ್ಲಿ ಕೆಳಗಿನದ್ದು ತೆಗೆದುಕೊಂಡರೆ ಲೆಕ್ಕ ಯಾವತ್ತೂ ಕೂಡಿಬರುವುದಿಲ್ಲ.

ಎರಡನೇ ಸಾಕ್ಷಿ 4ನೇ ಕಾಲಂನ ಕಂದಾಯ. ಜನ ಇದನ್ನು ಸುಮ್ನೆ ದಾಟಿ ಹೋಗುತ್ತಾರೆ, ನನಗಂತೂ ಇದೇ ಹೆಚ್ಚು ನಂಬಿಕೆಯದ್ದು. ಒಂದೇ ತರದ ಜಾಗಕ್ಕೆ ಎಕರೆಗೆ ಒಂದೇ ದರ. ನಮ್ಮ 2ಎಯ 1.10ಕ್ಕೆ 2 ರೂಪಾಯಿ 20 ಪೈಸೆ, ಅಂದರೆ ಎಕರೆಗೆ 2 ರೂಪಾಯಿ. 2ಬಿ ಹಾಳೆಯಲ್ಲಿ ಕಂದಾಯ 1.64 ಅಂತ ಸ್ಪಷ್ಟವಾಗಿ ಇತ್ತು. ಎರಡರಿಂದ ಭಾಗಿಸಿದರೆ ಮತ್ತೆ 0.82! ಒಂದೆರಡು ಪೈಸೆ ಹೆಚ್ಚುಕಡಿಮೆ ಬಂದರೆ ಚಿಂತೆ ಬೇಡ. ಆದರೆ ಒಂದು ಹಿಸ್ಸಾ ನಂಜ, ಇನ್ನೊಂದು ಪುಂಜ ಅಥವಾ ಭಾಗಾಯತು ಆಗಿದ್ದರೆ ದರವೇ ಬೇರೆ. ಆಗ ಈ ಸಾಕ್ಷಿ ನಡೆಯುವುದಿಲ್ಲ.

ಎರಡೂ ಹೊಂದದಿದ್ದರೆ? ನಕಲು ಮಾಡುವಾಗಲೇ ತಪ್ಪಾಗಿರಬಹುದು. ಕನ್ನಡ ಅಂಕಿಯಲ್ಲಿ ಬರೆದಿದ್ದರೆ ೩, ೬, ೯ ಅವಸರದ ಕೈಯಲ್ಲಿ ಒಂದೇ ತರ ಕಾಣುತ್ತವೆ. ಅಂಥ ಕಡೆ ಅದೇ ಕೈ ಅದೇ ಹಾಳೆಯಲ್ಲಿ ಇಸವಿಗಳನ್ನು ಹೇಗೆ ಬರೆದಿದೆ ನೋಡಿ. 12ನೇ ಕಾಲಂನಲ್ಲಿ ಬೆಳೆ ವರ್ಷಗಳು ಸಾಲಾಗಿ ಇರುತ್ತವೆ. 1986, 1989 ಅಂತ ನಮಗೆ ಮೊದಲೇ ಗೊತ್ತಿರುವ ಅಂಕಿಗಳು ಅವು. ಆ ಕೈಯ ೬ ಯಾವುದು, ೯ ಯಾವುದು ಅಂತ ಅಲ್ಲೇ ಕಲಿಯಬಹುದು.

ಉಡುಪಿಯ ಹಾಳೆಯಲ್ಲಿ ‘ದಕ್ಷಿಣ ಕನ್ನಡ ಜಿಲ್ಲೆ’ ಅಂತ ಇದ್ದರೆ ಗಾಬರಿ ಆಗಬೇಡಿ. ಉಡುಪಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ.

ಲೆಕ್ಕ ಕೂಡಿತು ಅಂದ ಮಾತ್ರಕ್ಕೆ ಗಡಿ ಗೊತ್ತಾದಂತೆ ಅಲ್ಲ. ನಂಬರಿನ ಮುಂದೆ ‘ಪೈಕಿ’ ಅಂತ ಇದ್ದರೆ ಆ ತುಂಡನ್ನು ಅಳೆದು ಬೇರೆ ಮಾಡಿಲ್ಲ ಅಂತಲೇ ಹೆಚ್ಚಾಗಿ ಅರ್ಥ. ಅಲ್ಲಿ 82 ಸೆಂಟ್ಸ್ ಇದೆ ಅನ್ನುವುದು ಸರಿ, ಯಾವ ಮೂಲೆಯಿಂದ ಯಾವ ಮೂಲೆಗೆ ಅನ್ನುವುದನ್ನು ಸರ್ವೆಯವರೇ ಅಳೆದು ಹೇಳಬೇಕು.

ಇನ್ನು, ಸೀಲಿನ ಅಡಿಯ ಅಂಕಿಯ ಮೇಲೆ ನೀವು ಪೆನ್ನಿನಲ್ಲಿ ಏನೂ ತಿದ್ದಬೇಡಿ, ಅರ್ಥ ಆಗಲಿ ಅಂತಲೂ ಬೇಡ. ತಿದ್ದಿದ ಹಾಳೆಯನ್ನು ಯಾರೂ ನಂಬುವುದಿಲ್ಲ. 10ನೇ ಕಾಲಂನಲ್ಲಿ ಎಂ.ಆರ್., ಅಂದರೆ ಮ್ಯುಟೇಶನ್ ರಿಜಿಸ್ಟರಿನ ನಂಬರ್ ಮತ್ತು ವರ್ಷ ಇರುತ್ತದೆ, ನಮ್ಮದರಲ್ಲಿ ‘ಎಂ.ಆರ್. 14/1987-88, ವಿಭಾಗ’ ಅಂತ ಇತ್ತು. ಅದನ್ನು ಬರೆದುಕೊಂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ಮ್ಯುಟೇಶನ್‌ನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಯಾರಿಗೆ ಎಷ್ಟು ಸೆಂಟ್ಸ್ ಹೋಯಿತು ಅಂತ ಅದರಲ್ಲಿ ಹೆಸರಿನ ಸಮೇತ ಇರುತ್ತದೆ. ನಕಲು ಕೈಗೆ ಬಂದ ಕೂಡಲೇ, ಕೌಂಟರಿನ ಎದುರೇ ನಿಂತು, ಸೀಲು ಮತ್ತೆ ಅಂಕಿಯ ಮೇಲೆ ಬಿದ್ದಿದೆಯಾ ನೋಡಿಕೊಳ್ಳಿ.