ಅರವತ್ತನೇ ದಿನದ ಬೆದೆ: ನನ್ನ ಕೊಟ್ಟಿಗೆಯ ಲೆಕ್ಕ

ಕರು ಹಾಕಿ ಎರಡೇ ತಿಂಗಳಿಗೆ ಮತ್ತೆ ಗಬ್ಬಕ್ಕೆ ಇಂಜೆಕ್ಷನ್ ಹಾಕಿಸಿದರೆ ಹಾಲು ಇಳಿಯುತ್ತದೆ, ಐದು ತಿಂಗಳು ಕರೆದುಕೊಂಡು ಆಮೇಲೆ ನೋಡು ಎಂದವರೇ ಹೆಚ್ಚು. ಆದರೆ ಗಬ್ಬದಿಂದ ಹಾಲು ಎದ್ದು ಕಾಣುವಷ್ಟು ಇಳಿಯುವುದು ಗಬ್ಬಕ್ಕೆ ಐದು ತಿಂಗಳು ತುಂಬಿದ ಮೇಲೆ. ನನ್ನ ನಾಲ್ಕು ಎಚ್‌ಎಫ್ ಹಸುಗಳು ಈಗ ಹನ್ನೆರಡು ಹದಿಮೂರು ತಿಂಗಳಿಗೊಮ್ಮೆ ಕರು ಹಾಕುತ್ತಿವೆ. ಹಾಗೆ ಹೇಳಿದವರ ಕೊಟ್ಟಿಗೆಯಲ್ಲಿ ಹದಿನೈದು ದಾಟುತ್ತದೆ.

ಮೊದಲು ನಾನೂ ಅವಸರ ಮಾಡಿ ಕೆಟ್ಟೆ. 42ನೇ ದಿನದ ಬೆದೆಗೇ ಹಾಕಿಸಿದ್ದೆ, ನಿಲ್ಲಲಿಲ್ಲ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲಿಕ್ಕೇ ಸುಮಾರು ಆರು ವಾರ ಬೇಕು. ಕರು ಹಾಕಿದಾಗ ಕಸ, ಅಂದರೆ ಮಾಸು, ತಡವಾಗಿ ಬಿದ್ದಿದ್ದರೆ ಇನ್ನೂ ಜಾಸ್ತಿ. ಲೋಳೆಯಲ್ಲಿ ಕೀವಿನ ಬಿಳಿ ಎಳೆ ಕಂಡರೆ ಆ ಬೆದೆ ಬಿಟ್ಟು ಮೊದಲು ಚಿಕಿತ್ಸೆ ಕೊಡಿಸಬೇಕು.

ಜನವರಿ 10ಕ್ಕೆ ಕರು ಹಾಕಿದ ಹಸುವಿನ ಲೆಕ್ಕ ನೋಡಿ. ಫೆಬ್ರವರಿ 17ರ ಬೆದೆಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬಿಟ್ಟೆ. ಮಾರ್ಚ್ 10ರದ್ದು ರಾತ್ರಿ ಬಂದು ಹೋಗಿ ತಪ್ಪಿತು. 12ರ ಬೆಳಿಗ್ಗೆ ಬಾಲದ ಬುಡದಲ್ಲಿ ಒಣಗಿದ ರಕ್ತದ ಕಲೆ ಕಂಡಿತು. ಬೆದೆ ಮುಗಿದು ಎರಡು ದಿನ ಆಗಿದೆ ಎಂಬುದರ ಗುರುತು ಅದು. ಅಲ್ಲಿಂದ ಹತ್ತೊಂಬತ್ತು ದಿನ ಎಣಿಸಿದರೆ ಮುಂದಿನ ಬೆದೆ ಮಾರ್ಚ್ 31ಕ್ಕೆ; ಮೂರು ದಿನ ಮೊದಲೇ, 28ರಿಂದಲೇ, ರಾತ್ರಿ ಹತ್ತಕ್ಕೆ, ಬೆಳಗಿನ ಜಾವ ಐದಕ್ಕೆ ಟಾರ್ಚ್ ಹಿಡಿದು ನೋಡಿದೆ. 31ರ ಬೆಳಿಗ್ಗೆ ಗಾಜಿನಂಥ ಲೋಳೆ ನೆಲದವರೆಗೆ ಜೋತಿತ್ತು, ಸಂಜೆ ಹಾಕಿಸಿದೆ. ಸಂಜೆ ಕಂಡಿದ್ದರೆ ಮರುದಿನ ಬೆಳಿಗ್ಗೆ ಹಾಕಿಸುತ್ತಿದ್ದೆ. 280 ದಿನಕ್ಕೆ ಜನವರಿ 5, ಅಂದರೆ ಅಂತರ 360 ದಿನ. ಅದೂ ನಿಲ್ಲದಿದ್ದರೆ ಏಪ್ರಿಲ್ 21 ಕೈಯಲ್ಲಿತ್ತು, ಆಗಲೂ ಹದಿಮೂರು ತಿಂಗಳೊಳಗೇ. ಅರವತ್ತರ ಸುಮಾರಿಗೆ ಶುರು ಮಾಡಿದವನಿಗೆ ಹೀಗೆ ಮೂರು ಅವಕಾಶ. ತೊಂಬತ್ತರವರೆಗೆ ಕಾದವನಿಗೆ ಒಂದೇ.

ಒಂದು ಬೆದೆ ತಪ್ಪಿದರೆ ಹೋಗುವುದು ಇಂಜೆಕ್ಷನ್ ಕಾಸಲ್ಲ. ಹೊಸದಾಗಿ ಕರು ಹಾಕಿದ ಹಸು 14 ಲೀಟರ್ ಕೊಡುವ ಜಾಗದಲ್ಲಿ, ಹಳೇ ಕರಾವಿನದು 6 ಲೀಟರಿಗೆ ನಿಂತಿರುತ್ತದೆ. ಎಂಟು ಲೀಟರಿಗೆ 35ರಂತೆ 280 ರೂಪಾಯಿ. ಅದರಲ್ಲಿ ಹೆಚ್ಚುವರಿ ಹಿಂಡಿಯ 90 ಕಳೆದರೂ ದಿನಕ್ಕೆ 190. ಇಪ್ಪತ್ತೊಂದು ದಿನಕ್ಕೆ ನಾಲ್ಕು ಸಾವಿರ.

ಮೊಳಕೆ ಹುರುಳಿಯನ್ನೂ ತಿನ್ನಿಸಿ ನೋಡಿದೆ. ಎರಡು ಹಸು ಬೆದೆಗೆ ಬಂದವು, ಆದರೆ ಖನಿಜ ಮಿಶ್ರಣವೂ ಜೊತೆಗೇ ನಡೆದಿತ್ತು, ಹುರುಳಿಗೇ ಹೆಸರು ಕೊಡಲಾರೆ. ಪಕ್ಕೆಲುಬು ಎಣಿಸುವಂತೆ ಇಳಿದುಹೋದ ಹಸುವಿಗೆ ಬೆದೆ ಬರಿಸಲು ಕರು ಹಾಕುವ ಮೊದಲೇ ಮೇವಿನಲ್ಲಿ ಒಂದು ಬದಲಾವಣೆ ಮಾಡುತ್ತೇನೆ. ಅದು ನನ್ನಲ್ಲೇ ಇರಲಿ. ಇನ್ನು, ಮೂರು ವಾರಕ್ಕೆ ಬೆದೆ ಮರಳಲಿಲ್ಲ ಎಂದು ಗಬ್ಬ ಎಂದುಕೊಳ್ಳುವುದಿಲ್ಲ. ಅರವತ್ತು ದಿನಕ್ಕೆ ಡಾಕ್ಟರಿಂದ ಕೈ ಹಾಕಿಸಿ ನೋಡಿದ ಮೇಲೇ ಆ ಹಸುವಿನ ರಾತ್ರಿ ಕಾವಲು ನಿಲ್ಲಿಸುವುದು.